ವ್ಯಾನ್ ಅಣ್ಣನಿಗೆ ಬರೆದ ಕಾಗದ

2024ರ ಜುಲೈ 15, ಸೋಮವಾರ. ಬೆಳಿಗ್ಗೆ ಏಳೂವರೆಗೆ ಮಗಳು ಬ್ಯಾಗ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಏಳು ಮುಕ್ಕಾಲಾಯಿತು, ವ್ಯಾನ್ ಬರಲಿಲ್ಲ. ಎಂಟಕ್ಕೆ ಐದು ನಿಮಿಷ ಇರುವಾಗ ಮೆಸೇಜ್ ಬಂತು: "ಗೇರ್‌ಬಾಕ್ಸ್ ಹೋಗಿದೆ ಮೇಡಂ, ಗಾಡಿ ಗ್ಯಾರೇಜಲ್ಲಿದೆ, ಎರಡು ದಿನ ಅಡ್ಜಸ್ಟ್ ಮಾಡಿ." ಆಟೋ ಹಿಡಿದು ಅವಳನ್ನು ಶಾಲೆಗೆ ಬಿಟ್ಟು, ಅಲ್ಲಿಂದ ನಾನು ಕೆಲಸಕ್ಕೆ ಹೋದೆ. ಆ ಎರಡು ದಿನ ಎಳೆದು ಎಳೆದು ಒಂದು ತಿಂಗಳಾಯಿತು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗಳಿಗೆ ಆಗ ನಾಲ್ಕನೇ ಕ್ಲಾಸು. ನನ್ನ ಗಂಡ ವಾರವೆಲ್ಲ ಬೆಂಗಳೂರಿನಲ್ಲಿ ಇರುತ್ತಾರೆ. ಮನೆಯಲ್ಲಿ ಮಾವ ಇದ್ದಾರೆ, ಆದರೆ ಮಂಡಿ ನೋವು, ಅವರಿಗೆ ಜಾಸ್ತಿ ನಡೆಯಲು ಆಗಲ್ಲ. ನಮ್ಮ ಬೀದಿಗೆ ಬಂದು ಆ ಶಾಲೆಗೆ ಹೋಗುವ ವ್ಯಾನ್ ಇರುವುದು ಅದೊಂದೇ. ಮೂರು ವರ್ಷದಿಂದ ಮಗಳು ಅದರಲ್ಲೇ ಹೋಗಿ ಬರುತ್ತಿದ್ದಾಳೆ. ವ್ಯಾನ್ ಯಜಮಾನರೇ ಡ್ರೈವರ್. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಒಮ್ಮೆ ನಾನು ಬರುವುದು ತಡವಾದಾಗ ಮಗಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ, ಅವರ ಹೆಂಡತಿ ಕೈಯಲ್ಲಿ ಉಪ್ಪಿಟ್ಟು ಹಾಕಿಸಿ ಕೂರಿಸಿದ್ದರು. ಅಂಥವರು.

ಜೂನ್ 3ರಂದು ನಾನು ವರ್ಷದ ಹಣ ಪೂರ್ತಿ ಕೊಟ್ಟುಬಿಟ್ಟಿದ್ದೆ. ತಿಂಗಳು ತಿಂಗಳು ಕೊಟ್ಟರೆ ₹1,600. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳದ್ದು ಒಂದೇ ಸಲ ಕೊಟ್ಟರೆ ₹15,000. ಸಾವಿರ ರೂಪಾಯಿ ಉಳಿಯುತ್ತದೆ ಅಂತ ಒಂದೇ ಸಲ ಕಳಿಸಿದೆ. ತಿಂಗಳಿಗೆ ಕೊಡುವ ಮನೆಯವರು ಗಾಡಿ ನಿಂತ ತಿಂಗಳ ಹಣವನ್ನು ಸುಮ್ನೆ ಹಿಡಿದುಕೊಂಡರು. ಅವರಿಗೆ ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ. ಮುಂಗಡ ಕೊಟ್ಟವರ ಹಣ ಆಗಲೇ ಅಣ್ಣನ ಕೈಯಲ್ಲಿತ್ತು. ಕೇಳಬೇಕಾದವಳು ನಾನಾದೆ.

ಎರಡು ವಾರದಲ್ಲಿ ಗೇರ್‌ಬಾಕ್ಸ್ ಸರಿಯಾಯಿತು. ಅಷ್ಟರಲ್ಲಿ ಗಾಡಿ ಓಡಿಸಲು ಯೋಗ್ಯ ಎನ್ನುವ ಸರ್ಟಿಫಿಕೇಟ್, ಅಂದರೆ ಎಫ್‌ಸಿಯ ಅವಧಿ ಮುಗಿದಿತ್ತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಬೇಕು. ಅದಕ್ಕೆ ಪೇಂಟು, ಟೈರು ಅಂತ ಇನ್ನೆರಡು ವಾರ ಹೋಯಿತು. ಆಗಸ್ಟ್ 15ರ ಬೆಳಿಗ್ಗೆ, ಬಾವುಟ ಹಾರಿಸುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ವ್ಯಾನ್ ಮತ್ತೆ ಬಂತು. ಮುಂದಿನ ಗಾಜಿಗೆ ಪುಟ್ಟ ಬಾವುಟ ಅಂಟಿಸಿದ್ದರು. ಮಗಳು ಕುಣಿದಾಡಿದಳು. ಹಣದ ಮಾತು ಅವರು ಎತ್ತಲಿಲ್ಲ. ಅವತ್ತು ನಾನೂ ಎತ್ತಲಿಲ್ಲ.

ಆಮೇಲೆ ಒಂದು ದಿನ ಗೇಟಿನ ಹತ್ತಿರವೇ ಕೇಳಿದೆ. ಅದು ತಪ್ಪಾಯಿತು. ವ್ಯಾನಿನಲ್ಲಿ ಹತ್ತು ಮಕ್ಕಳು ಕೂತಿದ್ದರು, ಹಿಂದೆ ಬೈಕಿನವರು ಹಾರ್ನ್ ಹೊಡೆಯುತ್ತಿದ್ದರು. ಅಣ್ಣನ ಮುಖ ಸಣ್ಣದಾಯಿತು. "ಮುಂದಿನ ವರ್ಷ ಅಡ್ಜಸ್ಟ್ ಮಾಡೋಣ ಬಿಡಿ ಮೇಡಂ" ಎಂದು ಗಾಡಿ ತೆಗೆದರು. ಬಾಗಿಲ ಹತ್ತಿರ ಕೂತಿದ್ದ ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು. ದುಡ್ಡಿನ ಮಾತನ್ನು ಇನ್ನು ಗೇಟಿನಲ್ಲಿ ಆಡಬಾರದು, ಬರೆದೇ ಕೊಡಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಅವತ್ತು ರಾತ್ರಿ ಬರೆದ ಮೊದಲ ಕಾಗದ ಒಂದೂವರೆ ಪುಟ ಆಯಿತು. ಒಂದು ತಿಂಗಳು ನಾನು ಪಟ್ಟ ಪಾಡೆಲ್ಲ ಅದರಲ್ಲಿತ್ತು. "ನೀವು ಹೇಳಿದ ಮಾತಿಗೆ ನಿಲ್ಲಲಿಲ್ಲ", "ನೀವು ಒಂದು ಸಲವೂ ಸರಿಯಾಗಿ ತಿಳಿಸಲಿಲ್ಲ" ಎಂದೆಲ್ಲ ಬರೆದಿದ್ದೆ. ಕೊನೆಯಲ್ಲಿ ಆಟೋ ಖರ್ಚು. ಒಂದು ಸಲಕ್ಕೆ ಸುಮಾರು ₹70ರಂತೆ 44 ಸಲ, ಒಟ್ಟು ₹3,080 ತಕ್ಷಣ ಕೊಡಬೇಕು ಎಂದಿದ್ದೆ.

ಬೆಳಿಗ್ಗೆ ಅದನ್ನು ಮಾವನಿಗೆ ತೋರಿಸಿದೆ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಾವಿರಾರು ಅರ್ಜಿ ಓದಿದ್ದಾರೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, "ಈ ಕಾಗದ ನನಗೆ ಬಂದಿದ್ದರೆ ನಾನೂ ದುಡ್ಡು ಕೊಡ್ತಿರಲಿಲ್ಲಮ್ಮ" ಎಂದರು. "ಯಾಕೆ ಮಾವ, ಇದರಲ್ಲಿ ಸುಳ್ಳೇನಿದೆ?" ಎಂದೆ.

"ಸುಳ್ಳಿಲ್ಲ. ಆದರೆ ಇದರಲ್ಲಿ ಜಗಳ ಆಡೋಕೆ ಹತ್ತು ಜಾಗ ಇದೆ. ಸರಿಯಾಗಿ ತಿಳಿಸಲಿಲ್ಲ ಅಂದರೆ, ಮೆಸೇಜ್ ಹಾಕಿದ್ದೆನಲ್ಲ ಅಂತಾನೆ. ಎಪ್ಪತ್ತು ರೂಪಾಯಿ ಅಂದರೆ, ಬಸ್ಸು ಇರಲಿಲ್ವಾ ಅಂತಾನೆ. ಅಲ್ಲಿಗೆ ಮಾತು ದುಡ್ಡು ಬಿಟ್ಟು ಬಸ್ಸಿನ ಮೇಲೆ ಹೋಗುತ್ತೆ."

ಅವರು ಹೇಳಿದ್ದು ಸರಿ. ನಾನು ಎರಡು ಬೇರೆ ಬೇರೆ ಹಣವನ್ನು ಕಲಸಿಬಿಟ್ಟಿದ್ದೆ. ಒಂದು, ನಾನು ಅಣ್ಣನಿಗೆ ಕೊಟ್ಟು, ಅದಕ್ಕೆ ತಕ್ಕ ಕೆಲಸ ಆಗದೆ ಉಳಿದ ಹಣ. ಇನ್ನೊಂದು, ಅವರು ಬರದೇ ಇದ್ದದ್ದಕ್ಕೆ ನಾನು ಆಟೋದವರಿಗೆ ಕೊಟ್ಟ ಹಣ. ಎರಡನೆಯದು ನಷ್ಟ ಪರಿಹಾರ. ಅದನ್ನು ಕೇಳುವುದು ತಪ್ಪಲ್ಲ, ಆದರೆ ಅದರ ಮೇಲೆ ವಾದ ಮಾಡಬಹುದು. ಮೊದಲನೆಯದು ನನ್ನದೇ ಹಣ, ಅವರ ಹತ್ತಿರ ಇದೆ. ಅದರ ಮೇಲೆ ವಾದ ಮಾಡುವುದು ಕಷ್ಟ. ದಿನಾ ಮುಖ ನೋಡಬೇಕಾದವರ ಹತ್ತಿರ ಆ ಮೊದಲನೆಯದನ್ನು ಮಾತ್ರ ಕೇಳುವುದು, ಅದನ್ನು ಬಿಡದೆ ಕೇಳುವುದು ಎಂದು ನಿರ್ಧರಿಸಿದೆ. ಆಟೋ ದುಡ್ಡು ಬಿಟ್ಟೆ. ಬಿಟ್ಟಿದ್ದೇನೆ ಎಂದು ಕಾಗದದಲ್ಲಿ ಹೇಳಲೂ ಇಲ್ಲ. ಹೇಳಿದರೆ ಉಪಕಾರದ ಲೆಕ್ಕ ಒಪ್ಪಿಸಿದ ಹಾಗೆ ಆಗುತ್ತದೆ.

ಇನ್ನು ದಿನದ ಲೆಕ್ಕ. ಇದಕ್ಕೆ ಒಂದು ಸಂಜೆ ಪೂರ್ತಿ ಕೂತೆ. ಜುಲೈ 15ರಿಂದ ಆಗಸ್ಟ್ 14ರವರೆಗೆ ಕ್ಯಾಲೆಂಡರ್ ಪ್ರಕಾರ 31 ದಿನ. ನಾಲ್ಕು ಭಾನುವಾರ, ಮೊಹರಂ ರಜೆ ಒಂದು ದಿನ ಕಳೆದರೆ ಶಾಲೆ ಇದ್ದದ್ದು 26 ದಿನ. ಮಗಳ ಶಾಲೆಯ ಡೈರಿಯಲ್ಲಿ ಒಂದೊಂದೇ ದಿನ ನೋಡಿ ಗುರುತು ಹಾಕಿದೆ. ಆಗ ಎರಡು ವಿಷಯ ಕಂಡಿತು. ಆಗಸ್ಟ್ 5 ಮತ್ತು 6ರಂದು ಅವಳಿಗೇ ಜ್ವರ, ಶಾಲೆಗೆ ಹೋಗಿರಲಿಲ್ಲ. ಜುಲೈ 22ರಿಂದ 25ರವರೆಗೆ ನಾಲ್ಕು ದಿನ ಬೆಳಿಗ್ಗೆ ಹೊತ್ತು ಅವರು ತಮ್ಮ ಸ್ನೇಹಿತರ ವ್ಯಾನ್ ಕಳಿಸಿದ್ದರು, ಸಂಜೆ ಮಾತ್ರ ಇರಲಿಲ್ಲ.

ಜ್ವರದ ಎರಡು ದಿನ ಕೇಳಬಹುದಿತ್ತು. ವ್ಯಾನ್ ಅಂತೂ ಬಂದಿರಲಿಲ್ಲ. ಆದರೆ "ಮಗುವೇ ಹೋಗಿಲ್ಲವಲ್ಲ" ಎಂಬ ಒಂದು ಮಾತು ಬಂದರೆ ಉಳಿದ 24 ದಿನದ ಮೇಲೂ ಅನುಮಾನ ಹುಟ್ಟುತ್ತದೆ. ಅದನ್ನು ಬಿಟ್ಟೆ. ಬೆಳಿಗ್ಗೆ ಮಾತ್ರ ಬಂದ ನಾಲ್ಕು ದಿನಕ್ಕೆ ಅರ್ಧ ಅರ್ಧ, ಅಂದರೆ ಎರಡು ದಿನ ಕಳೆದೆ. ಉಳಿದದ್ದು 22 ದಿನ.

ಒಂದು ದಿನಕ್ಕೆ ಎಷ್ಟು? ಇಲ್ಲಿ ನನಗೆ ಹಳೆಯದೊಂದು ಮೆಸೇಜ್ ಕೈ ಹಿಡಿಯಿತು. ಮೂರು ವರ್ಷದ ಹಿಂದೆ ನಾವು ಸೇರಿದ್ದು ಜೂನ್ ಮಧ್ಯದಲ್ಲಿ. ಆಗ ಅವರು ತಿಂಗಳ ಹಣವನ್ನು 25ರಿಂದ ಭಾಗಿಸಿ, ಉಳಿದ ದಿನಕ್ಕೆ ಇಷ್ಟು ಎಂದು ಕಳಿಸಿದ್ದರು. ಅದೇ ಅಳತೆ ಹಿಡಿದೆ. ₹15,000 ಹತ್ತು ತಿಂಗಳಿಗೆ, ತಿಂಗಳಿಗೆ ₹1,500, ದಿನಕ್ಕೆ ₹60. 22 ದಿನಕ್ಕೆ ₹1,320. ದಸರಾ ರಜೆಯೆಲ್ಲ ಕಳೆದು ನಿಜವಾಗಿ ಶಾಲೆ ನಡೆಯುವ ದಿನಗಳಿಂದ ಭಾಗಿಸಿದ್ದರೆ ದಿನಕ್ಕೆ ಇನ್ನೂ ಜಾಸ್ತಿ ಬರುತ್ತಿತ್ತು. ಆದರೆ ಅದು ನಾನು ತಂದ ಅಳತೆ. ಇದು ಅವರದ್ದೇ. ತನ್ನ ಕೊಳಗದಲ್ಲಿ ಅಳೆದದ್ದನ್ನು ಯಾರೂ ಸುಳ್ಳು ಎನ್ನಲಾರರು.

ಬರೆಯಲು ಕೂತಾಗ ಮಾತಿನ ಮೇಲೆ ಜಾಸ್ತಿ ಹೊತ್ತು ಹೋಯಿತು. ಈ ಸಲ ಕೋಪ ಇಳಿದು, ಕೈ ತೀರಾ ಮೆತ್ತಗಾಗಿತ್ತು. "ಸಾಧ್ಯವಾದರೆ", "ದಯವಿಟ್ಟು ತಪ್ಪು ತಿಳಿಯಬೇಡಿ", "ಕೇಳೋಕೆ ಸಂಕೋಚ ಆಗುತ್ತೆ" ಎಂದು ಮೂರು ಕಡೆ ಬರೆದಿದ್ದೆ. ಮೂರನ್ನೂ ಹೊಡೆದು ಹಾಕಿದೆ. ಸಾಧ್ಯವಾದರೆ ಕೊಡಿ ಎಂದ ಮೇಲೆ ಸಾಧ್ಯವಿಲ್ಲ ಎನ್ನುವುದು ಎಷ್ಟು ಸುಲಭ ಅಲ್ವಾ? ಮರ್ಯಾದೆ ಇರಬೇಕಾದ್ದು ಬೇಡಿಕೊಳ್ಳುವುದರಲ್ಲಿ ಅಲ್ಲ. ನಮ್ಮ ಭಾಷೆಯಲ್ಲಿ "ಬರುತ್ತಿದ್ದೀರಿ", "ಹೇಳಿ", "ಕೊಡಿ" ಎನ್ನುವುದರಲ್ಲೇ ಮರ್ಯಾದೆ ಇದೆ. ಅದರ ಮೇಲೆ ಬೇಡಿಕೆಯನ್ನು ನೇರವಾಗಿ ಇಟ್ಟರೆ ಒರಟಾಗಲ್ಲ.

ಇನ್ನೊಂದು, "ನೀವು ವ್ಯಾನ್ ಕಳಿಸಲಿಲ್ಲ" ಎಂದಿದ್ದ ಕಡೆಯೆಲ್ಲ "ವ್ಯಾನ್ ಬರಲಿಲ್ಲ" ಎಂದು ತಿದ್ದಿದೆ. ನಡೆದದ್ದು ಅದೇ, ಸತ್ಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಓದುವವರಿಗೆ ಬೆರಳು ತೋರಿಸಿದ ಹಾಗೆ ಆಗಲ್ಲ. ಮಾವ ಇನ್ನೊಂದು ಹೇಳಿದರು. ಅಣ್ಣನ ಬಗ್ಗೆ ಒಳ್ಳೆಯ ಮಾತು ಬರೆಯುವುದಾದರೆ ನಿಜವಾದದ್ದು, ಈ ವಿಷಯಕ್ಕೆ ಸೇರಿದ್ದು ಬರಿ, ಬರೀ ಹೊಗಳಿಕೆ ಬೇಡ ಎಂದು. ಯೋಚಿಸಿದಾಗ ಒಂದು ಸಿಕ್ಕಿತು. ಎಫ್‌ಸಿ ಮುಗಿದ ಮೇಲೆ ಅವರು ಗಾಡಿಯನ್ನು ರಸ್ತೆಗೆ ಇಳಿಸಲಿಲ್ಲ. ಇಳಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಪಾದನೆ ಹೋದರೂ ನಿಲ್ಲಿಸಿದರು. ನನ್ನ ಮಗು ಕೂರುವ ಗಾಡಿ ಅದು. ಆ ಮಾತನ್ನು ಮನಸ್ಸಿನಿಂದಲೇ ಬರೆದೆ.

ಕೊನೆಗೆ ಉಳಿದ ಕಾಗದ ಹೀಗಿತ್ತು:

"ಅಣ್ಣನವರಿಗೆ ನಮಸ್ಕಾರ.

ಮೂರು ವರ್ಷದಿಂದ ನಮ್ಮ ಮಗಳನ್ನು ಜೋಪಾನವಾಗಿ ಕರೆದುಕೊಂಡು ಹೋಗಿ ಬರುತ್ತಿದ್ದೀರಿ. ಎಫ್‌ಸಿ ಆಗುವವರೆಗೂ ಗಾಡಿ ತೆಗೆಯದೆ ಕಾದಿರಿ. ಮಕ್ಕಳ ದೃಷ್ಟಿಯಿಂದ ಅದು ಸರಿಯಾದ ಕೆಲಸ.

ಈ ವರ್ಷದ ಪೂರ್ತಿ ಹಣ ₹15,000ವನ್ನು ಜೂನ್ 3ರಂದು ಯುಪಿಐ ಮೂಲಕ ಕಳಿಸಿದ್ದೆ. ಜುಲೈ 15ರಿಂದ ಆಗಸ್ಟ್ 14ರವರೆಗೆ ವ್ಯಾನ್ ಬರಲಿಲ್ಲ. ಆ ದಿನಗಳಲ್ಲಿ ಶಾಲೆ ಇದ್ದದ್ದು 26 ದಿನ. ಮಗಳು ಹುಷಾರಿಲ್ಲದೆ ರಜೆ ಹಾಕಿದ 2 ದಿನವನ್ನು ಬಿಟ್ಟಿದ್ದೇನೆ. ನೀವು ಬೆಳಿಗ್ಗೆ ಬೇರೆ ವ್ಯಾನ್ ಕಳಿಸಿದ 4 ದಿನಕ್ಕೆ ಅರ್ಧ ಕಳೆದಿದ್ದೇನೆ. ಉಳಿದದ್ದು 22 ದಿನ. ತಿಂಗಳಿಗೆ 25 ದಿನದಂತೆ ನೀವು ಹಾಕುವ ಲೆಕ್ಕದಲ್ಲೇ ದಿನಕ್ಕೆ ₹60, ಒಟ್ಟು ₹1,320.

ಈ ₹1,320 ವಾಪಸ್ ಕೊಡಿ ಎಂದು ಕೇಳುತ್ತಿದ್ದೇನೆ. ಮುಂದಿನ ವರ್ಷಕ್ಕೆ ಹೊಂದಿಸುವುದು ಬೇಡ. ಗೌರಿ ಗಣೇಶ ಹಬ್ಬದ ಖರ್ಚು ಕಳೆಯಲಿ, ಸೆಪ್ಟೆಂಬರ್ 15ರೊಳಗೆ ಕೊಟ್ಟರೆ ಸಾಕು. ಒಂದೇ ಸಲ ಕಷ್ಟವಾದರೆ ಎರಡು ಸಲವಾಗಿ ಕೊಡಿ, ಯಾವಾಗ ಎಂದು ಹೇಳಿ. ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ಳುತ್ತೇನೆ."

ಕೆಳಗೆ ನನ್ನ ಸಹಿ, ತಾರೀಖು. ಮುಂದಿನ ವರ್ಷ ಬೇಡ ಎಂದದ್ದಕ್ಕೆ ಕಾರಣವಿತ್ತು. ಮುಂದಿನ ಜೂನ್‌ನಲ್ಲಿ ವ್ಯಾನಿನ ರೇಟು ಎಷ್ಟಾಗುತ್ತದೋ ಯಾರಿಗೆ ಗೊತ್ತು? ₹200 ಏರಿಸಿ ಅದರಲ್ಲಿ ಇದನ್ನು ಕಳೆದೆ ಎಂದರೆ ನನಗೆ ಏನೂ ಬಂದ ಹಾಗಾಗಲ್ಲ. ಪೂರ್ತಿ ವರ್ಷದ ಹಣ ಕೊಟ್ಟಾಗಿದ್ದರಿಂದ ಈ ವರ್ಷದಲ್ಲಿ ಕಳೆಯಲು ತಿಂಗಳೂ ಉಳಿದಿರಲಿಲ್ಲ.

ಗ್ರಾಹಕರ ಸಹಾಯವಾಣಿ 1915 ನನಗೆ ಗೊತ್ತಿತ್ತು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೊಟ್ಟ ಹಣ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ತೊಂದರೆ ಆದ ದಿನದಿಂದ ಎರಡು ವರ್ಷದವರೆಗೆ ಸಮಯ ಇದೆ ಎನ್ನುವುದೂ ಗೊತ್ತಿತ್ತು. ಕಾಗದದಲ್ಲಿ ಅದರ ಸುಳಿವೂ ಹಾಕಲಿಲ್ಲ. ಮೊದಲ ಕಾಗದದಲ್ಲೇ ದೂರಿನ ಮಾತು ಬಂದರೆ ಅಲ್ಲಿಂದಾಚೆ ಆ ಮನುಷ್ಯ ನನ್ನ ಮಗಳನ್ನು ಯಾವ ಮನಸ್ಸಿನಿಂದ ಕರೆದುಕೊಂಡು ಹೋಗಬೇಕು? ಎರಡು ವರ್ಷ ಸಮಯ ಇದೆ ಎಂದು ಗೊತ್ತಿದ್ದದ್ದರಿಂದ ನನಗೆ ಅವಸರ ಇರಲಿಲ್ಲ. ಹಣ ಕಳಿಸಿದ ಯುಪಿಐ ಪುಟ, ಗ್ಯಾರೇಜ್ ಅಂತ ಅವರು ಹಾಕಿದ ಮೆಸೇಜ್‌ಗಳು, ನನ್ನ ಕಾಗದದ ಫೋಟೋ, ಇಷ್ಟನ್ನು ತೆಗೆದಿಟ್ಟುಕೊಂಡೆ.

ಆಗಸ್ಟ್ 25, ಭಾನುವಾರ. ನಾನೇ ಅವರ ಮನೆಗೆ ಹೋದೆ. ತಾಯಂದಿರ ವಾಟ್ಸಾಪ್ ಗ್ರೂಪಿಗೆ ಹಾಕಲಿಲ್ಲ. ಅಲ್ಲಿ ಹಾಕಿದ್ದರೆ ಅವರು ನನಗೆ ಉತ್ತರ ಕೊಡುತ್ತಿರಲಿಲ್ಲ, ಇಡೀ ಗ್ರೂಪಿಗೆ ಕೊಡುತ್ತಿದ್ದರು. ಅವರ ಹೆಂಡತಿ ಕಾಫಿ ಕೊಟ್ಟರು. ಅಣ್ಣ ಕಾಗದವನ್ನು ಎರಡು ಸಲ ಓದಿದರು.

"ಲೆಕ್ಕ ಸರಿ ಇದೆ ಮೇಡಂ. ಆದರೆ ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಲ್ಲ. ಗೇರ್‌ಬಾಕ್ಸಿಗೆ ಎಷ್ಟಾಯ್ತು ಗೊತ್ತಾ ನಿಮಗೆ? ಇಎಂಐ ಬೇರೆ ಹಂಗೇ ಇದೆ."

"ಗೊತ್ತಾಗುತ್ತೆ ಅಣ್ಣ. ನಿಮಗೂ ಆ ತಿಂಗಳು ಪೂರ್ತಿ ಲಾಸು" ಎಂದೆ. ಎಲ್ಲರಿಗೂ ಕೊಡಬೇಕಲ್ಲ ಎಂದರು ಅಂತ, ಹಾಗಾದರೆ ನನಗೆ ಬೇಡ ಎನ್ನಲಿಲ್ಲ. ವರ್ಷದ ಹಣ ಮುಂಗಡ ಕೊಟ್ಟವರು ಎಷ್ಟು ಮನೆ ಎಂದು ಕೇಳಿದೆ. ಲೆಕ್ಕ ಹಾಕಿ, ಮೂರು ಎಂದರು. ಹೇಳುವಾಗಲೇ ಅವರ ಮುಖ ಸ್ವಲ್ಪ ಹಗುರಾಯಿತು. ಎಲ್ಲರೂ ಎಂದರೆ ಇಡೀ ವ್ಯಾನ್ ಎಂದುಕೊಂಡಿದ್ದರು, ನಿಜಕ್ಕೂ ಮೂರೇ ಮನೆ.

"ಅವರ ವಿಷಯ ನೀವೂ ಅವರೂ ನೋಡಿಕೊಳ್ಳಿ. ನಾನು ಗ್ರೂಪಿನಲ್ಲಿ ಹಾಕಲ್ಲ. ಯಾರಾದರೂ ನನ್ನನ್ನು ಕೇಳಿದರೆ ಮಾತ್ರ ಸುಳ್ಳು ಹೇಳಲ್ಲ ಅಣ್ಣ" ಎಂದೆ. ಅವರು ತಲೆ ಆಡಿಸಿದರು. ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಸೆಪ್ಟೆಂಬರ್ 15 ಕಳೆಯಿತು. ಏನೂ ಬರಲಿಲ್ಲ. ಆ ಮೂರು ವಾರ ದಿನಾ ಬೆಳಿಗ್ಗೆ ಅವರನ್ನು ನೋಡುತ್ತಿದ್ದೆ. ನಮಸ್ಕಾರ ಎಂದರೆ ನಮಸ್ಕಾರ ಎನ್ನುತ್ತಿದ್ದರು. ಒಂದು ದಿನವೂ ಹಣದ ಮಾತು ಎತ್ತಲಿಲ್ಲ. ಎತ್ತಬೇಕು ಅಂತ ನಾಲಿಗೆ ತುದಿಗೆ ಬಂದ ದಿನಗಳು ಇದ್ದವು. ಹೋಗಲಿ ಬಿಡು ಎನಿಸಿದ ದಿನಗಳೂ ಇದ್ದವು. ಆದರೆ ಬಿಟ್ಟರೆ ನಾನು ನಿಜವಾಗಿ ಬಿಟ್ಟ ಹಾಗೆ ಆಗುತ್ತಿರಲಿಲ್ಲ, ಅದು ನನಗೇ ಗೊತ್ತಿತ್ತು. ಅವರು ಹತ್ತು ನಿಮಿಷ ತಡ ಮಾಡಿದ ದಿನವೆಲ್ಲ ಆ ₹1,320 ನೆನಪಾಗುತ್ತಿತ್ತು.

17ರ ರಾತ್ರಿ ಒಂದು ಮೆಸೇಜ್ ಹಾಕಿದೆ. ಉದ್ದವಿಲ್ಲ. "ಅಣ್ಣ, ನಮಸ್ಕಾರ. ಆಗಸ್ಟ್ 25ರಂದು ಕೊಟ್ಟ ಕಾಗದದ ₹1,320 ಇನ್ನೂ ಬಂದಿಲ್ಲ. ಯಾವತ್ತು, ಎಷ್ಟೆಷ್ಟು ಕೊಡುತ್ತೀರಿ ಎಂದು ಈ ಭಾನುವಾರದೊಳಗೆ ತಿಳಿಸಿ." ಹೊಸ ಕಾರಣ ಕೊಡಲಿಲ್ಲ, ಹಳೆಯದನ್ನು ಮತ್ತೆ ಬಿಡಿಸಿ ಹೇಳಲೂ ಇಲ್ಲ. ಬಿಡಿಸಿ ಹೇಳಿದಷ್ಟೂ ಅದು ಇನ್ನೂ ತೀರ್ಮಾನವಾಗದ ವಿಷಯ ಎನಿಸುತ್ತದೆ.

ಭಾನುವಾರ ಬೆಳಿಗ್ಗೆ ₹500 ಬಂತು. ಹಿಂದೆಯೇ ಫೋನು. "ಮೇಡಂ, ಐನೂರು ಹಾಕಿದೀನಿ. ದಸರಾ ಕಳೀಲಿ, ಇನ್ನೈನೂರು ಹಾಕ್ತೀನಿ. ಸಾವಿರಕ್ಕೆ ಮುಗಿಸಿಬಿಡೋಣ."

ಅಲ್ಲೇ ನಾನು ಜಾರುತ್ತಿದ್ದೆ. ಫೋನಿನಲ್ಲಿ ಯಾರಾದರೂ ಮುಗಿಸಿಬಿಡೋಣ ಎಂದರೆ ಆಯ್ತು ಎನ್ನುವುದು ನನ್ನ ಅಭ್ಯಾಸ. "ಮೆಸೇಜ್ ಹಾಕ್ತೀನಿ ಅಣ್ಣ" ಎಂದಷ್ಟೇ ಹೇಳಿ ಇಟ್ಟೆ. ಹತ್ತು ನಿಮಿಷ ಬಿಟ್ಟು ಬರೆದೆ: "₹500 ಬಂತು ಅಣ್ಣ, ತುಂಬಾ ಥ್ಯಾಂಕ್ಸ್. ಬಾಕಿ ₹820. ದಸರಾ ಆದ ಮೇಲೆ ಕೊಡಿ, ಅಕ್ಟೋಬರ್ ಕೊನೆವರೆಗೂ ಕಾಯುತ್ತೇನೆ. ಮೊತ್ತ ಮಾತ್ರ ಕಡಿಮೆ ಮಾಡುವುದು ಬೇಡ. ಬಿಡಬೇಕಾದ್ದನ್ನು ಮೊದಲೇ ಬಿಟ್ಟು ಕೇಳಿದ್ದೇನೆ." ಕೇಳದೆ ಇನ್ನೊಂದು ತಿಂಗಳು ಕೊಟ್ಟೆ, ರೂಪಾಯಿ ಒಂದೂ ಬಿಡಲಿಲ್ಲ. ಬಂದ ₹500 ಬಂತು ಎಂದು ಬರೆದು ಹೇಳಿದ್ದರಿಂದ ಬಾಕಿ ಎಷ್ಟು ಎಂಬುದು ಇಬ್ಬರ ಫೋನಿನಲ್ಲೂ ಉಳಿಯಿತು.

ದಸರಾ ಮುಗಿಯಿತು. ರಜೆ ಮುಗಿದು ಮಕ್ಕಳು ಶಾಲೆಗೆ ಹೋಗತೊಡಗಿದರು. ಅಕ್ಟೋಬರ್ 27, ಭಾನುವಾರ ಮಧ್ಯಾಹ್ನ ಫೋನ್ ಸದ್ದಾಯಿತು. ₹820. ಜೊತೆಗೆ ಒಂದು ಸಾಲು: "ಕ್ಲಿಯರ್ ಆಯ್ತು ಅಲ್ವಾ ಮೇಡಂ." "ಪೂರ್ತಿ ಆಯ್ತು ಅಣ್ಣ. ₹1,320 ಬಂದಿದೆ, ಇನ್ನೇನೂ ಬಾಕಿ ಇಲ್ಲ" ಎಂದು ಬರೆದೆ. ಮರುದಿನ ಬೆಳಿಗ್ಗೆ ವ್ಯಾನ್ ನಿಂತಾಗ ಮಗಳ ಬ್ಯಾಗನ್ನು ಅವರೇ ಇಳಿದು ತೆಗೆದುಕೊಂಡರು.

ಮುಂದಿನ ಜೂನ್‌ನಲ್ಲಿ ವರ್ಷದ್ದು ಒಂದೇ ಸಲ ಕೊಡುತ್ತೀರಾ ಎಂದು ಕೇಳಿದರು. ತಿಂಗಳಿಗೇ ಕೊಡುತ್ತೇನೆ ಎಂದೆ. ಗಾಡಿ ಮೂರು ದಿನಕ್ಕಿಂತ ಜಾಸ್ತಿ ನಿಂತರೆ ಆ ದಿನಗಳದ್ದು ಕಳೆದು ಕೊಡುವುದು ಎಂದೂ ಹೇಳಿದೆ. ಅವರು ಡ್ಯಾಶ್‌ಬೋರ್ಡ್ ಮೇಲಿದ್ದ ಪುಸ್ತಕ ತೆಗೆದು ಮಗಳ ಹೆಸರಿನ ಪಕ್ಕ "3 ದಿನ" ಎಂದು ಬರೆದುಕೊಂಡರು. ಪುಟ ತಿರುವಿ, ಇನ್ನೆರಡು ಹೆಸರಿನ ಪಕ್ಕವೂ ಅದನ್ನೇ ಬರೆದರು.